40 ಎಚ್7 ಬೋರ್: ಒಂದೇ ಡೇಟಾಗೆ ಸಿಪಿಕೆ 2.21, ಪಿಪಿಕೆ 1.19. ಗಿರಾಕಿಗೆ ಯಾವುದು ಕೊಡಬೇಕು?

ಕಪನೂರು ಇನ್‌ಸ್ಪೆಕ್ಷನ್

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಮಷಿನ್ ಶಾಪ್‌ನ ತಪಾಸಣೆ ನೋಡಿಕೊಳ್ಳುತ್ತೇನೆ. ನಮಗೆ ಬೀಡಿನ ಬೇರಿಂಗ್ ಹೌಸಿಂಗ್ ಕೆಲಸ ಬರುತ್ತದೆ. ಬೋರ್ 40 ಎಚ್7. ಅಂದ್ರೆ 40.000ದಿಂದ 40.025 ಮಿಮೀ ಒಳಗೆ ಬರಬೇಕು. ಸಿಎನ್‌ಸಿ ಲೇತ್‌ನಲ್ಲಿ ಬೋರಿಂಗ್ ಬಾರ್ ಹಾಕಿ ಮಾಡುತ್ತೇವೆ. ಬ್ಯಾಚ್‌ಗೆ 120 ಪೀಸ್.

ಈ ಸಲ ಗಿರಾಕಿ ಎಕ್ಸ್‌ಬಾರ್-ಆರ್ ಚಾರ್ಟ್ ಮತ್ತು ಸಿಪಿಕೆ ಕೇಳಿದ್ದಾರೆ. 1.33ಕ್ಕಿಂತ ಕಡಿಮೆ ಇರಬಾರದಂತೆ. ಪ್ರತಿ 10 ಪೀಸ್‌ಗೆ ಒಮ್ಮೆ, ಸಾಲಾಗಿ ಬಂದ 5 ಪೀಸ್ ಅಳೆದೆವು. ಒಟ್ಟು 12 ಗುಂಪು, 60 ಪೀಸ್. 40.000ದ ಮೇಲೆ ಎಷ್ಟು ಮೈಕ್ರಾನ್ ಅಂತ ಬರೆದರೆ ಗುಂಪುಗಳ ಸರಾಸರಿ ಹೀಗಿದೆ:

```
17.0  15.8  13.9  12.1  10.9  8.6
17.0  15.8  13.9  11.7  10.9  8.4
```

ಎಲ್ಲದರ ಸರಾಸರಿ 13.0. ರೇಂಜ್‌ಗಳ ಸರಾಸರಿ 4.2. ಅದರಿಂದ ಲೆಕ್ಕ ಹಾಕಿದರೆ ಸಿಪಿಕೆ 2.21 ಬಂತು. ಖುಷಿಯಿಂದ ಕಳಿಸಿದೆವು. ಗಿರಾಕಿ ಕಡೆಯವರು ಅದೇ 60 ರೀಡಿಂಗ್ ಅವರ ಶೀಟ್‌ಗೆ ಹಾಕಿ, "ನಿಮ್ಮ ಪಿಪಿಕೆ 1.19, ಇದು ಪಾಸಾಗಲ್ಲ" ಅಂತ ವಾಪಸ್ ಬರೆದಿದ್ದಾರೆ. ಇನ್ನೊಂದು ಗೊಂದಲ. ಕಂಟ್ರೋಲ್ ಲಿಮಿಟ್ 10.58 ಮತ್ತು 15.42 ಬರುತ್ತದೆ. 12ರಲ್ಲಿ 6 ಚುಕ್ಕೆ ಅದರ ಹೊರಗಿವೆ. ಆದರೆ ಒಂದು ಪೀಸೂ ಡ್ರಾಯಿಂಗ್ ದಾಟಿಲ್ಲ. ರಿಜೆಕ್ಷನ್ ಸೊನ್ನೆ. ಹಾಗಾದ್ರೆ ನಮ್ಮ ಕೆಲಸ ಒಳ್ಳೆಯದೋ ಕೆಟ್ಟದ್ದೋ? ಯಾವ ಸಂಖ್ಯೆ ಸರಿ?

ಮೆಕ್ಯಾನಿಕಲ್ ಹುಡುಗ, ಕಲಬುರಗಿ

ಅಣ್ಣಾ, ಅರ್ಧ ಚುಕ್ಕೆ ಹೊರಗೆ ಅಂದ್ರೆ ಪ್ರೊಸೆಸ್ ಕಂಟ್ರೋಲ್‌ನಲ್ಲಿ ಇಲ್ಲ. ಕಂಟ್ರೋಲ್‌ನಲ್ಲಿ ಇಲ್ಲದ ಪ್ರೊಸೆಸ್‌ಗೆ ಸಿಪಿಕೆ ಲೆಕ್ಕ ಹಾಕಲೇಬಾರದು ಅಂತ ಕಾಲೇಜಿನಲ್ಲಿ ಓದಿದ್ದೇವೆ. ಹಾಗಾಗಿ 2.21ಕ್ಕೆ ಅರ್ಥ ಇಲ್ಲ.

ಆದರೆ ನಿಮ್ಮ ಲಿಮಿಟ್ ತುಂಬಾ ಬಿಗಿ ಅನ್ನಿಸುತ್ತದೆ. 25 ಮೈಕ್ರಾನ್ ಟಾಲರೆನ್ಸ್ ಇರುವಾಗ ಬರೀ 5 ಮೈಕ್ರಾನ್ ಅಗಲದ ಲಿಮಿಟ್ ಯಾಕೆ? 60 ರೀಡಿಂಗ್‌ಗೂ ಸೇರಿಸಿ ಎಕ್ಸೆಲ್‌ನಲ್ಲಿ STDEV.S ಹಾಕಿ, ಅದರ ಮೂರು ಪಟ್ಟು ಆಚೆ-ಈಚೆ ಲಿಮಿಟ್ ಹಾಕಿ. ಎಲ್ಲಾ ಚುಕ್ಕೆ ಒಳಗೆ ಬರುತ್ತವೆ.

ಇನ್ನೊಂದು ಮಾತು. ಅಳತೆ 20 ಡಿಗ್ರಿಯಲ್ಲಿ ಆಗಬೇಕು. ನಮ್ಮಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ. 40 ಮಿಮೀ ಬೋರ್ ಅಷ್ಟಕ್ಕೇ 9-10 ಮೈಕ್ರಾನ್ ದೊಡ್ಡದಾಗುತ್ತದೆ. ನಿಮ್ಮ ರೀಡಿಂಗ್ ಎಲ್ಲಾ ಅಷ್ಟು ತಪ್ಪಿರಬಹುದು ಅಲ್ವಾ?

ಕೊಳಾರ ಸೆಟ್ಟರ್

ನಾನು ಬೀದರ್ ಕೊಳಾರದಲ್ಲಿ ಲೇತ್ ಸೆಟ್ಟರ್. ಚಾರ್ಟ್ ನನಗೆ ಅಷ್ಟು ಗೊತ್ತಿಲ್ಲ, ಆದರೆ ನಿಮ್ಮ ಸಂಖ್ಯೆ ನೋಡಿದ ಕೂಡಲೇ ಗೊತ್ತಾಯಿತು. 17ರಿಂದ ಇಳಿದು 8ಕ್ಕೆ ಬಂದು ಮತ್ತೆ 17ಕ್ಕೆ ಹಾರಿದೆ. ಇನ್ಸರ್ಟ್ ಸವೆದ ಹಾಗೆ ಬೋರ್ ಸಣ್ಣದಾಗುತ್ತಾ ಹೋಗಿದೆ. 60 ಪೀಸ್ ಆದ ಮೇಲೆ ಆಪರೇಟರ್ ಎಕ್ಸ್‌ಗೆ ಪ್ಲಸ್ ಆಫ್‌ಸೆಟ್ ಕೊಟ್ಟಿದ್ದಾರೆ. ಹೌದಾ ಅಲ್ವಾ?

ಇದಕ್ಕೆ ಸುಲಭ ಉಪಾಯ ಇದೆ. ಪ್ರತಿ ಪೀಸ್ ಅಳೆದು, ಮಧ್ಯದಿಂದ ಎಷ್ಟು ಸರಿದಿದೆಯೋ ಅಷ್ಟು ಆಫ್‌ಸೆಟ್ ಕೊಡಿ. ಆಗ ಎಲ್ಲಾ ಪೀಸ್ ಮಧ್ಯದಲ್ಲೇ ಬರುತ್ತವೆ.

ಕಪನೂರು ಇನ್‌ಸ್ಪೆಕ್ಷನ್

ಸೆಟ್ಟರ್ ಅಣ್ಣಾ, ಹೌದು. 60ನೇ ಪೀಸ್ ಆದ ಮೇಲೆ ಆಪರೇಟರ್ WEAR ಪುಟದಲ್ಲಿ ಎಕ್ಸ್‌ಗೆ 0.010 ಕೊಟ್ಟಿದ್ದರು. ಇನ್ಸರ್ಟ್ ಬದಲಿಸಿಲ್ಲ. ಪೂರ್ತಿ ಬ್ಯಾಚ್‌ಗೆ ಒಂದೇ ಅಂಚು.

ಬೀದರ್ ನಿವೃತ್ತ ಕ್ವಾಲಿಟಿ

ಮೂವರೂ ಒಳ್ಳೆಯ ವಿಷಯ ಎತ್ತಿದ್ದೀರಿ. ನಾನು ತುಂಬಾ ವರ್ಷ ಮಷಿನ್ ಶಾಪ್ ಕ್ವಾಲಿಟಿಯಲ್ಲೇ ಇದ್ದವನು. ಈಗ ಬೀದರ್‌ನಲ್ಲಿ ಮನೆಯಲ್ಲಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಎರಡು ಸಂಖ್ಯೆಗಳ ವಿಷಯ. ಎರಡೂ ಲೆಕ್ಕ ಸರಿ ಇವೆ. ಅವು ಕೇಳುವ ಪ್ರಶ್ನೆ ಬೇರೆ ಬೇರೆ.

ನೀವು ಸಾಲಾಗಿ ಬಂದ 5 ಪೀಸ್ ತೆಗೆದಿರಿ. ಆ 5 ಪೀಸ್ ತಯಾರಾಗುವ ಹೊತ್ತಿನಲ್ಲಿ ಇನ್ಸರ್ಟ್ ಹೆಚ್ಚು ಸವೆಯುವುದಿಲ್ಲ. ಹಾಗಾಗಿ ಅವುಗಳ ರೇಂಜ್ ಮಷಿನ್ ಒಂದರ ಹಿಂದೆ ಒಂದು ಪೀಸ್ ಮಾಡುವಾಗ ಎಷ್ಟು ಅಲುಗಾಡುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಸರಾಸರಿ ರೇಂಜ್ 4.2. ಐದರ ಗುಂಪಿಗೆ 2.326ರಿಂದ ಭಾಗಿಸಿದರೆ ಸಿಗ್ಮಾ 1.81. ಮೇಲಂಚು 25, ಸರಾಸರಿ 13, ನಡುವೆ 12 ಮೈಕ್ರಾನ್. ಕೆಳಗಡೆ 13 ಇದೆ, ಕಡಿಮೆ ಇರುವುದನ್ನೇ ತೆಗೆದುಕೊಳ್ಳಬೇಕು.

```
Cpk = 12 / (3 × 1.81) = 2.21
Ppk = 12 / (3 × 3.35) = 1.19
```

ಎರಡನೇ ಸಾಲಿನ 3.35 ಎಲ್ಲಾ 60 ಪೀಸ್ ಒಟ್ಟಿಗೆ ಹಾಕಿ ತೆಗೆದ ಸಿಗ್ಮಾ. ಅದರಲ್ಲಿ ಆ ಅಲುಗಾಟವೂ ಇದೆ, ಗರಗಸದ ಹಲ್ಲಿನಂತೆ ಇಳಿದು ಏರಿದ ಸರಾಸರಿಯೂ ಇದೆ. 2.21 ಅನ್ನುವುದು ಬೋರ್ ಮಧ್ಯದಿಂದ ಜರುಗದೇ ಇದ್ದರೆ ನಿಮ್ಮ ಮಷಿನ್ ಏನು ಮಾಡಬಲ್ಲದು ಅನ್ನುವ ಉತ್ತರ. 1.19 ಅನ್ನುವುದು ಪೆಟ್ಟಿಗೆಯಲ್ಲಿ ಹೋದ ಪೀಸ್‌ಗಳು ಹೇಗಿವೆ ಅನ್ನುವ ಉತ್ತರ. ಗಿರಾಕಿಗೆ ಬೇಕಾದದ್ದು ಪೆಟ್ಟಿಗೆಯ ಪೀಸ್. ಹಾಗಾಗಿ ಅವರು ಪಿಪಿಕೆ ಹಿಡಿದದ್ದು ನ್ಯಾಯವೇ. ಆದರೆ ನಿಮಗೆ ಕೆಲಸಕ್ಕೆ ಬರುವುದು ಎರಡರ ನಡುವಿನ ಅಂತರ. ಸಿಪಿಕೆಯೂ 1.2 ಬಂದಿದ್ದರೆ ಬೋರಿಂಗ್ ಬಾರ್, ಸ್ಪಿಂಡಲ್ ಬೇರಿಂಗ್, ಕ್ಲ್ಯಾಂಪಿಂಗ್ ಎಲ್ಲಾ ನೋಡಬೇಕಿತ್ತು, ದುಡ್ಡು ಖರ್ಚಾಗುತ್ತಿತ್ತು. ಈಗ ಅಂತರ ದೊಡ್ಡದಿದೆ. ಮಷಿನ್ ಚೆನ್ನಾಗಿದೆ, ಮಧ್ಯದಲ್ಲಿ ಹಿಡಿದಿಡುವ ಪದ್ಧತಿ ಸರಿಯಿಲ್ಲ ಅಂತ ಅರ್ಥ.

ಕಲಬುರಗಿಯ ಹುಡುಗರಿಗೆ ಒಂದು ಮಾತು. ಪ್ರೊಸೆಸ್ ಸ್ಥಿರ ಇಲ್ಲದಾಗ ಸಿಪಿಕೆಯನ್ನು ಭರವಸೆಯಾಗಿ ಕೊಡಬಾರದು ಅಂದದ್ದು ಸರಿ. ಆದರೆ ಲಿಮಿಟ್ ಅಗಲ ಮಾಡಿ ಅಂದದ್ದು ಬೇಡ. STDEV.S ಹಾಕಿದರೆ ಇನ್ಸರ್ಟ್ ಸವೆತವೂ ಆ ಸಿಗ್ಮಾದೊಳಗೆ ಸೇರಿಕೊಳ್ಳುತ್ತದೆ. ನಾವು ಹಿಡಿಯಬೇಕಾದ ಕಾರಣವನ್ನೇ ಲಿಮಿಟ್‌ನೊಳಗೆ ಬಚ್ಚಿಟ್ಟ ಹಾಗೆ. ಲಿಮಿಟ್ ಬರುವುದು ಗುಂಪಿನೊಳಗಿನ ರೇಂಜ್‌ನಿಂದ. ಡ್ರಾಯಿಂಗ್‌ನ 25 ಮೈಕ್ರಾನ್‌ಗೂ ಅದಕ್ಕೂ ಸಂಬಂಧವಿಲ್ಲ.

ಹುಮನಾಬಾದ್ ಪಂಪ್

ನಮ್ಮಲ್ಲಿ ಪ್ಲಗ್ ಗೇಜ್‌ನಲ್ಲೇ ಎಲ್ಲಾ ನಡೆಯುತ್ತದೆ. ಗೋ ಹೋಗಬೇಕು, ನೋಗೋ ಹೋಗಬಾರದು. ಈ ಸಿಪಿಕೆ ಎಲ್ಲಾ ಯಾಕೆ ಬೇಕು? ಪೀಸ್ ಪಾಸಾದ್ರೆ ಸಾಕಲ್ವಾ? ನನ್ನ ತೊಂದರೆಯೇ ಬೇರೆ. ಪಂಪ್ ಬಾಡಿಯ 40 ಬೋರ್, ಡಯಲ್ ಬೋರ್ ಗೇಜ್‌ನಲ್ಲಿ 40.004 ತೋರಿಸುತ್ತದೆ. ಯಾವ ಕಡೆ ತಿರುಗಿಸಿದರೂ ಅಷ್ಟೇ. ಆದರೆ ಗೋ ಪ್ಲಗ್ ಒಳಗೆ ಹೋಗುವುದಿಲ್ಲ. ಗೇಜ್ ಹಾಳಾಗಿದೆಯಾ?

ಮೆಟ್ರಾಲಜಿ ಮೇಡಂ

ಹುಮನಾಬಾದ್‌ನವರೇ, ಗೇಜ್ ಹಾಳಾಗಿರಲಿಕ್ಕಿಲ್ಲ. ನಿಮ್ಮ ಬಾಡಿಯ ಗೋಡೆ ತೆಳು ಇದೆಯಾ? ಮೂರು ಜಾ ಚಕ್‌ನಲ್ಲಿ ಬಿಗಿ ಹಿಡಿಯುತ್ತೀರಾ? ಹಿಡಿದಾಗ ಗೋಡೆ ಮೂರು ಕಡೆ ಒಳಗೆ ಒತ್ತುತ್ತದೆ. ಹಾಗೇ ಬೋರ್ ಮಾಡುತ್ತೀರಿ, ದುಂಡಾಗಿ ಬರುತ್ತದೆ. ಚಕ್ ಬಿಟ್ಟ ಕೂಡಲೇ ಗೋಡೆ ಹಿಂದಕ್ಕೆ ಬಂದು ಬೋರ್ ಮೂರು ಮೂಲೆಯ ಆಕಾರ ಪಡೆಯುತ್ತದೆ. ಎರಡು ತುದಿಯಲ್ಲಿ ತಾಗುವ ಬೋರ್ ಗೇಜ್‌ಗೆ ಈ ಆಕಾರ ಕಾಣುವುದಿಲ್ಲ. ಒಂದು ಕಡೆ ಉಬ್ಬಿದ್ದರೆ ಅದರ ಎದುರಿಗೆ ತಗ್ಗು ಇರುತ್ತದೆ, ಎರಡೂ ಸೇರಿ ವ್ಯಾಸ ಎಲ್ಲಾ ಕಡೆ ಒಂದೇ ಬರುತ್ತದೆ. ಪ್ಲಗ್ ಮಾತ್ರ ಮೂರು ಉಬ್ಬಿಗೂ ಒಟ್ಟಿಗೆ ತಾಗುತ್ತದೆ. ಮೂರು ಕಡೆ ತಾಗುವ ಮೈಕ್ರೋಮೀಟರ್‌ನಿಂದ ಒಮ್ಮೆ ನೋಡಿ. ಚಕ್ ಒತ್ತಡ ಇಳಿಸಿ, ಬೋರ್ ಮಾಡಿ ತಂದ ಸಾಫ್ಟ್ ಜಾ ಹಾಕಿ ಒಂದು ಪೀಸ್ ಮಾಡಿ ನೋಡಿ.

ಪ್ಲಗ್ ಸಾಕಲ್ವಾ ಅಂದಿರಿ. ಪ್ಲಗ್ ಹೌದು-ಇಲ್ಲ ಮಾತ್ರ ಹೇಳುತ್ತದೆ. ಬೋರ್ 17ರಿಂದ 8ಕ್ಕೆ ಇಳಿಯುತ್ತಿದೆ ಅಂತ ಪ್ಲಗ್ ಹೇಳುವುದಿಲ್ಲ. ಗೋ ಹೋಗದೇ ಇದ್ದಾಗ ಮಾತ್ರ ಗೊತ್ತಾಗುತ್ತದೆ. ಅಷ್ಟೊತ್ತಿಗೆ ಪೀಸ್ ಕೆಟ್ಟಿರುತ್ತದೆ.

ಈಗ 42 ಡಿಗ್ರಿ ವಿಷಯ. ಒಂದು ಭಾಗ ನಿಜ. 20 ಡಿಗ್ರಿಯಿಂದ 42ಕ್ಕೆ ಏರಿದರೆ 40 ಮಿಮೀ ಬೋರ್ ಸುಮಾರು 9 ಮೈಕ್ರಾನ್ ಬೆಳೆಯುತ್ತದೆ. ಆದರೆ ಬೋರ್ ಗೇಜ್ ಸೊನ್ನೆ ಮಾಡುವ ಸೆಟ್ಟಿಂಗ್ ರಿಂಗ್ ಕೂಡ ಉಕ್ಕು. ಅದೂ ಅದೇ ಶೆಡ್‌ನಲ್ಲಿದ್ದರೆ ಅದೂ ಬೆಳೆದಿರುತ್ತದೆ. ಬೀಡು ಮತ್ತು ಉಕ್ಕು ಬೆಳೆಯುವುದರಲ್ಲಿ ಇರುವ ವ್ಯತ್ಯಾಸ ಈ ಅಳತೆಗೆ ಒಂದು ಮೈಕ್ರಾನ್ ಒಳಗೇ. ಅಲ್ಯೂಮಿನಿಯಂ ಪೀಸ್ ಆಗಿದ್ದರೆ ಮಾತು ಬೇರೆ, ಅದು ಉಕ್ಕಿಗಿಂತ ಎರಡು ಪಟ್ಟು ಬೆಳೆಯುತ್ತದೆ. ನಿಮಗೆ ಕಾಟ ಕೊಡುವುದು ರಿಂಗ್ ಟೇಬಲ್ ಮೇಲೆ ತಣ್ಣಗೆ ಇದ್ದು ಪೀಸ್ ಮಷಿನ್‌ನಿಂದ ಬಿಸಿಬಿಸಿಯಾಗಿ ಬಂದಾಗ.

ಕಪನೂರಿನವರೇ, ಎರಡು ಕೆಲಸ ಮಾಡಿ. ಒಂದೇ ಪೀಸನ್ನು ಮಷಿನ್‌ನಿಂದ ಇಳಿಸಿದ ಕೂಡಲೇ ಅಳೆಯಿರಿ, ಅರ್ಧ ಗಂಟೆ ರಿಂಗ್ ಪಕ್ಕದಲ್ಲೇ ಇಟ್ಟು ಮತ್ತೆ ಅಳೆಯಿರಿ. ಆಮೇಲೆ ತಣ್ಣಗಾದ ಅದೇ ಪೀಸನ್ನು ಇಬ್ಬರು ಆಪರೇಟರ್ ಹತ್ತತ್ತು ಸಲ ಅಳೆಯಲಿ. ನಿಮ್ಮ 1.81ರಲ್ಲಿ ಗೇಜಿನ ಪಾಲು ಎಷ್ಟು ಅಂತ ಗೊತ್ತಾಗಲಿ. ನಿಮ್ಮ ಡಯಲ್‌ನ ಒಂದು ಗೆರೆ ಎಷ್ಟು ಮೈಕ್ರಾನ್?

ಕಪನೂರು ಇನ್‌ಸ್ಪೆಕ್ಷನ್

ಡಯಲ್ 1 ಮೈಕ್ರಾನ್‌ನದು ಮೇಡಂ. ಬಿಸಿ ಪೀಸ್ 14 ತೋರಿಸಿತು, ಅರ್ಧ ಗಂಟೆ ಆದ ಮೇಲೆ 11. ಇಬ್ಬರು ಹತ್ತತ್ತು ಸಲ ಅಳೆದ ರೀಡಿಂಗ್ ತೆಗೆದರೆ ಗೇಜಿನ ಸಿಗ್ಮಾ ಸುಮಾರು 1.0 ಬಂತು. ಇದು ಜಾಸ್ತಿನಾ?

ಮೆಟ್ರಾಲಜಿ ಮೇಡಂ

3 ಮೈಕ್ರಾನ್ ವ್ಯತ್ಯಾಸ ಅಂದ್ರೆ ಪೀಸ್ ರಿಂಗ್‌ಗಿಂತ 7 ಡಿಗ್ರಿಯಷ್ಟು ಬಿಸಿ ಇತ್ತು. ಬೀಡನ್ನು ಕೂಲೆಂಟ್ ಇಲ್ಲದೆ ಕಡಿದರೆ ಅಷ್ಟು ಬರುವುದು ಸಹಜ. ಅಳೆಯುವ ಹೊತ್ತು ಒಂದೇ ಆಗಿರಲಿ. ಎಲ್ಲವನ್ನೂ ಬಿಸಿ ಇದ್ದಾಗ ಅಳೆದರೂ ತೊಂದರೆ ಕಡಿಮೆ, ಆದರೆ ಕೆಲವು ಬಿಸಿ, ಕೆಲವು ಊಟ ಆದ ಮೇಲೆ ಅಂತಾದರೆ ರೇಂಜ್ ಸುಮ್ನೆ ಉಬ್ಬುತ್ತದೆ.

ಗೇಜಿನ 1.0 ಪರವಾಗಿಲ್ಲ, ಆದರೆ ತುಂಬಾ ಚೆನ್ನಾಗಿದೆ ಅನ್ನಲಾರೆ. ಸಿಗ್ಮಾಗಳನ್ನು ಹಾಗೇ ಕಳೆಯಬಾರದು, ವರ್ಗ ಮಾಡಿ ಕಳೆಯಬೇಕು. 1.81 ಅಂದ್ರೆ ಸರಿಯಾಗಿ 1.806, ಅದರ ವರ್ಗ 3.26, ಅದರಲ್ಲಿ ಗೇಜಿನದು 1. ಉಳಿದದ್ದು 2.26, ಅಂದ್ರೆ ಮಷಿನ್‌ನ ನಿಜವಾದ ಅಲುಗಾಟ 1.5 ಮೈಕ್ರಾನ್. ಏರ್ ಗೇಜ್ ತರಿಸಿದರೆ ಗೇಜಿನ ಪಾಲು ಇನ್ನೂ ಇಳಿಯುತ್ತದೆ. ಆದರೆ ಈಗ ನಿಮ್ಮ ದುಡ್ಡು ಅಲ್ಲಿ ಹಾಕಬೇಡಿ. ದೊಡ್ಡ ಭಾಗ ಆ ಗರಗಸದ ಹಲ್ಲಿನಲ್ಲಿದೆ.

ಬೀದರ್ ನಿವೃತ್ತ ಕ್ವಾಲಿಟಿ

ಮೇಡಂ ಹೇಳಿದ್ದು ಸರಿ. ಆ ಹಲ್ಲಿನ ಬಗ್ಗೆ ಬರೆಯುತ್ತೇನೆ.

ಇಳಿತ ಇನ್ಸರ್ಟ್‌ನಿಂದಲೇ ಅಂತ ಹೇಗೆ ಗೊತ್ತು? ಮಷಿನ್ ಬಿಸಿಯಾಗಿ ಬೋರ್ ಜರುಗಿದ್ದರೆ ಮೊದಲ ಒಂದು ಗಂಟೆ ಜೋರಾಗಿ ಇಳಿದು ಆಮೇಲೆ ನಿಲ್ಲುತ್ತಿತ್ತು. ನಿಮ್ಮಲ್ಲಿ ಆಫ್‌ಸೆಟ್ ಕೊಟ್ಟ ಮೇಲೆ ಎರಡನೇ ಸಾಲೂ ಅದೇ ಇಳಿಜಾರಿನಲ್ಲಿ ಇಳಿದಿದೆ. ಎರಡು ಸಾಲುಗಳನ್ನು ಪಕ್ಕದಲ್ಲಿಟ್ಟು ನೋಡಿ, ಹೆಚ್ಚುಕಡಿಮೆ ಒಂದೇ. ಇದು ಸವೆತದ ಗುರುತು. 10 ಪೀಸ್‌ಗೆ ಸುಮಾರು 1.7 ಮೈಕ್ರಾನ್.

ಈಗ ಸೆಟ್ಟರ್ ತಮ್ಮನ ಉಪಾಯ. ಪ್ರತಿ ಪೀಸ್ ನೋಡಿ ಅದರಷ್ಟೇ ತಿದ್ದುವುದು. ಕೇಳಲು ಚೆನ್ನಾಗಿದೆ, ಆದರೆ ಬೋರ್ ಇನ್ನೂ ಕೆಡುತ್ತದೆ. ಒಂದು ಪೀಸ್ 16 ಬಂತು ಅಂದುಕೊಳ್ಳಿ. ಮಷಿನ್ ನಿಜವಾಗಿ 13ರಲ್ಲೇ ಇತ್ತು, ಆ ಪೀಸ್ ಅಲುಗಾಟದಿಂದ 16 ಆಯಿತು. ನೀವು ಮೈನಸ್ 3 ಕೊಟ್ಟಿರಿ. ಈಗ ಮಷಿನ್ 10ಕ್ಕೆ ಹೋಯಿತು. ಮುಂದಿನ ಪೀಸ್ 10ರ ಸುತ್ತ ಬರುತ್ತದೆ, ನೀವು ಪ್ಲಸ್ 3 ಕೊಡುತ್ತೀರಿ. ಹೀಗೆ ಮಷಿನ್‌ನ ಅಲುಗಾಟದ ಜೊತೆಗೆ ನಿಮ್ಮ ಕೈಯ ಅಲುಗಾಟವೂ ಸೇರುತ್ತದೆ. ಪ್ರತಿ ಪೀಸ್‌ಗೂ ಪೂರ್ತಿ ತಿದ್ದಿದರೆ ಸಿಗ್ಮಾದ ವರ್ಗ ಎರಡು ಪಟ್ಟಾಗುತ್ತದೆ. 1.81 ಇದ್ದದ್ದು 2.56 ಆಗುತ್ತದೆ.

ಹಾಗಾಗಿ ತಿದ್ದುವುದನ್ನು ಪೀಸ್‌ಗೆ ಕಟ್ಟಬೇಡಿ, ಇಳಿಜಾರಿಗೆ ಕಟ್ಟಿ. 20 ಪೀಸ್‌ಗೆ 3.4 ಮೈಕ್ರಾನ್ ಇಳಿಯುತ್ತದೆ ಅಂತ ಈಗಾಗಲೇ ಗೊತ್ತು. ಪ್ರತಿ 20 ಪೀಸ್‌ಗೆ ಒಮ್ಮೆ 3, ಇನ್ನೊಮ್ಮೆ 4 ಮೈಕ್ರಾನ್ ಪ್ಲಸ್ ಕೊಡಿ. ಚಾರ್ಟ್ ಮೇಲೆ ಆ ಜಾಗದಲ್ಲಿ ಒಂದು ಬಾಣ ಹಾಕಿ ಎಷ್ಟು ಕೊಟ್ಟಿರಿ ಅಂತ ಬರೆಯಿರಿ. ಬಾಣ ಇಲ್ಲದ ಚಾರ್ಟ್ ಆಮೇಲೆ ಯಾರಿಗೂ ಅರ್ಥವಾಗುವುದಿಲ್ಲ.

ಲಾಭ ಎಷ್ಟು ಅಂತ ಮೊದಲೇ ಅಂದಾಜು ಮಾಡಬಹುದು. ಒಂದೇ ಸಮ ಇಳಿಯುವ ಇಳಿಜಾರಿನ ಸಿಗ್ಮಾ ಅಂದ್ರೆ ಇಳಿದ ಎತ್ತರವನ್ನು 12ರ ವರ್ಗಮೂಲದಿಂದ ಭಾಗಿಸಿದ್ದು.

```
60 ಪೀಸ್: 10.2/3.46 = 2.95   √(3.26 + 8.70) = 3.46   12/10.4 = 1.15
30 ಪೀಸ್:  5.1/3.46 = 1.47   √(3.26 + 2.16) = 2.33   12/7.0  = 1.71
20 ಪೀಸ್:  3.4/3.46 = 0.98   √(3.26 + 0.96) = 2.05   12/6.15 = 1.95
```

ಮೊದಲ ಸಾಲು 1.15, ನಿಮ್ಮ ನಿಜವಾದ ಲೆಕ್ಕ 1.19. ಹತ್ತಿರವೇ ಇದೆ, ಅಂದಾಜು ದಾರಿ ತಪ್ಪಿಲ್ಲ. 30 ಪೀಸ್‌ಗೆ ತಿದ್ದಿದರೂ 1.33 ದಾಟುತ್ತೀರಿ. ಹೊಸ ಮಷಿನ್ ಬೇಡ, ಹೊಸ ಬಾರ್ ಬೇಡ.

ಇನ್ನೊಂದು ದಾರಿಯೂ ಇದೆ. ಕಂಟ್ರೋಲ್ ಲಿಮಿಟ್‌ಗಳನ್ನೇ ಇಳಿಜಾರಿಗೆ ಸಮನಾಗಿ ಓರೆಯಾಗಿ ಎಳೆಯುವುದು. ಟಾಲರೆನ್ಸ್ ತುಂಬಾ ಅಗಲ ಇದ್ದು ಮತ್ತೆ ಮತ್ತೆ ತಿದ್ದುವುದು ಬೇಡ ಅನ್ನುವ ಕಡೆ ಅದು ಚೆನ್ನ. ನಿಮ್ಮ ಗಿರಾಕಿ ಪಿಪಿಕೆ ಕೇಳುತ್ತಿರುವುದರಿಂದ ಇಲ್ಲಿ ಅದು ಬೇಡ.

ಕೊಳಾರ ಸೆಟ್ಟರ್

ಸರ್, ನೀವು ಹೇಳಿದ್ದು ಅರ್ಥವಾಯಿತು. 16ರ ಉದಾಹರಣೆ ನೋಡಿದ ಮೇಲೆ ನಮ್ಮಲ್ಲಿ ರಾತ್ರಿ ಪಾಳಿಯ ಪೀಸ್ ಯಾಕೆ ಹಾಗೆ ಕುಣಿಯುತ್ತವೆ ಅಂತ ಹೊಳೆಯಿತು. ಆದರೆ ಒಂದು ಕಷ್ಟ. ನಮ್ಮದು ಹಳೆಯ ಮಷಿನ್. WEARನಲ್ಲಿ 0.003 ಹಾಕಿ +INPUT ಒತ್ತಿದರೆ ಏನೂ ಆಗುವುದಿಲ್ಲ. ಇನ್ನೊಂದು 0.003 ಹಾಕಿದರೆ ಒಮ್ಮೆಲೇ 7-8 ಹಾರುತ್ತದೆ. ಸ್ಕ್ರೂ ಸವೆದು ಬ್ಯಾಕ್‌ಲ್ಯಾಶ್ ಬಂದಿದೆ ಅನ್ನಿಸುತ್ತದೆ. ಇಂಥ ಮಷಿನ್‌ನಲ್ಲಿ 3 ಮೈಕ್ರಾನ್ ತಿದ್ದುವುದು ಹೇಗೆ?

ಬೀದರ್ ನಿವೃತ್ತ ಕ್ವಾಲಿಟಿ

ಬ್ಯಾಕ್‌ಲ್ಯಾಶ್ ಮಾತ್ರ ಆಗಿದ್ದರೆ ಇಷ್ಟು ಕಾಟ ಇರಬಾರದು. ಪ್ರತಿ ಸೈಕಲ್‌ನಲ್ಲೂ ಟೂಲ್ ಒಂದೇ ಕಡೆಯಿಂದ ಬೋರ್ ಅಳತೆಗೆ ಬರುತ್ತದೆ, ಸಡಿಲು ಒಂದೇ ಕಡೆ ತುಂಬಿಕೊಳ್ಳುತ್ತದೆ. ಸ್ಲೈಡ್ ಅಂಟಿಕೊಂಡು ಜಿಗಿಯುತ್ತಿರಬಹುದು. ಎಣ್ಣೆ ಸರಿಯಾಗಿ ಹೋಗುತ್ತಿದೆಯಾ ನೋಡಿ. ಒಂದು ಪರೀಕ್ಷೆ ಮಾಡಿ. ಹೊಸ ಇನ್ಸರ್ಟ್ ಹಾಕಿ, 2 ಮೈಕ್ರಾನ್‌ನಂತೆ ಏರಿಸುತ್ತಾ ಪ್ರತಿ ಹಂತದಲ್ಲಿ ಮೂರು ಪೀಸ್ ಅಳೆದು ಸರಾಸರಿ ಬರೆಯಿರಿ. ಕೊಟ್ಟದ್ದು ಮತ್ತು ಬಂದದ್ದು ಪಕ್ಕಪಕ್ಕ ಇಟ್ಟರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಿಗಿಯುತ್ತದೆ ಅಂತ ಕಾಣುತ್ತದೆ.

ಕಡೇಚೂರು ಜಾಬ್‌ವರ್ಕ್

ಯಾದಗಿರಿ ಕಡೆಯಿಂದ ಒಂದು ಪ್ರಶ್ನೆ ಸರ್. ನಮಗೆ 120 ಪೀಸ್ ಬ್ಯಾಚ್ ಎಲ್ಲಿ ಬರಬೇಕು? 30 ಬರುತ್ತವೆ. ಇವತ್ತು 25 ಎಚ್7, ನಾಳೆ 32, ಆಮೇಲೆ 40. ಒಂದೊಂದಕ್ಕೆ 3-4 ಚುಕ್ಕೆ ಹಾಕುವಷ್ಟರಲ್ಲಿ ಬ್ಯಾಚ್ ಮುಗಿಯುತ್ತದೆ. ಚಾರ್ಟ್ ಹೇಗೆ ಕಟ್ಟುವುದು?

ಬೀದರ್ ನಿವೃತ್ತ ಕ್ವಾಲಿಟಿ

ಅಳತೆ ಬರೆಯಬೇಡಿ. ಟಾಲರೆನ್ಸ್‌ನ ನಡುವಿನಿಂದ ಎಷ್ಟು ಸರಿದಿದೆ ಅನ್ನುವುದನ್ನು ಬರೆಯಿರಿ. 25 ಎಚ್7ಕ್ಕೆ 21 ಮೈಕ್ರಾನ್ ಟಾಲರೆನ್ಸ್, ನಡು 10.5. 32ಕ್ಕೂ 40ಕ್ಕೂ 25, ನಡು 12.5. ಆಗ ಮೂರೂ ಬೋರ್ ಒಂದೇ ಚಾರ್ಟ್ ಮೇಲೆ ಸೊನ್ನೆಯ ಸುತ್ತ ಬರುತ್ತವೆ. ಬ್ಯಾಚ್ ಬದಲಾದ ಕಡೆ ಉದ್ದಕ್ಕೆ ಒಂದು ಗೆರೆ ಹಾಕಿ. ಚಾರ್ಟ್ ಈಗ ಮಷಿನ್‌ನದು, ಪೀಸ್‌ನದಲ್ಲ.

ಒಂದು ಷರತ್ತು ಇದೆ. ಮೂರೂ ಬೋರ್‌ಗಳ ರೇಂಜ್ ಹೆಚ್ಚುಕಡಿಮೆ ಒಂದೇ ಇರಬೇಕು. 25ರ ಬೋರ್‌ಗೆ ಸಣ್ಣ ಬಾರ್ ಉದ್ದ ಚಾಚಿ ಹಾಕಿದರೆ ಅದು ನಡುಗುತ್ತದೆ, ರೇಂಜ್ ಹೆಚ್ಚಾಗುತ್ತದೆ. ಅದನ್ನು ಬೇರೆ ಚಾರ್ಟ್‌ಗೆ ಹಾಕಿ. ಪಿಪಿಕೆ ಮಾತ್ರ ಪ್ರತಿ ಅಳತೆಗೆ ಬೇರೆ ಬೇರೆಯೇ ತೆಗೆಯಬೇಕು, ಟಾಲರೆನ್ಸ್ ಬೇರೆ ಇದೆ.

ನಿಮ್ಮಂಥ ಬ್ಯಾಚ್‌ಗಳಲ್ಲಿ ದೊಡ್ಡ ಏರಿಳಿತ ಸೆಟಪ್‌ನಿಂದಲೇ ಬರುತ್ತದೆ. ಒಂದೇ ಪೀಸ್ ನೋಡಿ "ಸರಿ ಇದೆ, ಓಡಿಸು" ಅನ್ನುವುದು ರೂಢಿ. ಆ ಒಂದು ಪೀಸ್ ಅಲುಗಾಟದಲ್ಲಿ ಎಲ್ಲಿ ಬೇಕಾದರೂ ಬಿದ್ದಿರಬಹುದು. ಮೂರು ಪೀಸ್ ಮಾಡಿ ಅವುಗಳ ಸರಾಸರಿ ಮೇಲೆ ಸೆಟಪ್ ಒಪ್ಪಿಕೊಳ್ಳಿ.

ಮೆಕ್ಯಾನಿಕಲ್ ಹುಡುಗ, ಕಲಬುರಗಿ

ಸರ್, ನನಗೆ ಒಂದು ವಿಷಯ ಇನ್ನೂ ಒಪ್ಪಿಗೆಯಾಗುತ್ತಿಲ್ಲ. ಕಪನೂರು ಅಣ್ಣನ ಬ್ಯಾಚ್‌ನಲ್ಲಿ ಅತಿ ಕಡಿಮೆ ಸರಾಸರಿ 8.4. ಅದರಿಂದ ಮೂರು ಸಿಗ್ಮಾ, ಅಂದ್ರೆ 5.4 ಕಳೆದರೂ 3.0. ಇನ್ನೂ ಸೊನ್ನೆಗಿಂತ ಮೇಲೇ ಇದೆ. ಒಂದು ಪೀಸೂ ಕೆಡುವುದಿಲ್ಲ. ಹಾಗಿದ್ದ ಮೇಲೆ 1.19 ಅಂತ ವಾಪಸ್ ಕಳಿಸುವುದು ನ್ಯಾಯವಾ?

ಬೀದರ್ ನಿವೃತ್ತ ಕ್ವಾಲಿಟಿ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಸಿಪಿಕೆ, ಪಿಪಿಕೆಯಿಂದ ಇಷ್ಟು ಪೀಸ್ ಕೆಡುತ್ತವೆ ಅಂತ ಹೇಳುವ ಕೋಷ್ಟಕಗಳೆಲ್ಲಾ ಘಂಟೆಯಾಕಾರದ ಹಂಚಿಕೆ ನಂಬಿ ಮಾಡಿದವು. ಗರಗಸದ ಹಲ್ಲಿನ ಹಂಚಿಕೆ ಹಾಗಿರುವುದಿಲ್ಲ. ಮೇಲ್ಭಾಗ ಚಪ್ಪಟೆ, ಬಾಲ ಚಿಕ್ಕದು. ಹಾಗಾಗಿ 1.19 ನಿಮ್ಮ ಪರಿಸ್ಥಿತಿಯನ್ನು ನಿಜಕ್ಕಿಂತ ಕೆಟ್ಟದ್ದಾಗಿ ತೋರಿಸುತ್ತದೆ. ಅಷ್ಟು ಒಪ್ಪುತ್ತೇನೆ.

ಆದರೆ ನಿಮ್ಮ ಲೆಕ್ಕ ನಿಂತಿರುವುದು ಆಪರೇಟರ್ 60ನೇ ಪೀಸ್‌ಗೆ ಸರಿಯಾಗಿ ತಿದ್ದುತ್ತಾರೆ ಅನ್ನುವ ನಂಬಿಕೆ ಮೇಲೆ. 100ನೇ ಪೀಸ್‌ವರೆಗೆ ಮರೆತರೆ ಸರಾಸರಿ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಇನ್ನೊಂದು, 60 ಪೀಸ್‌ನಿಂದ ತೆಗೆದ 1.19 ಗಟ್ಟಿ ಸಂಖ್ಯೆಯೂ ಅಲ್ಲ. ಅಷ್ಟು ಪೀಸ್‌ಗೆ ನಿಜವಾದ ಬೆಲೆ ಸುಮಾರು 0.96ರಿಂದ 1.42ರ ನಡುವೆ ಎಲ್ಲಾದರೂ ಇರಬಹುದು. ಗಿರಾಕಿ 1.33ರ ಗೆರೆಯನ್ನು ಇಷ್ಟು ಕಟ್ಟುನಿಟ್ಟಾಗಿ ಹಿಡಿಯಬೇಕಾ ಅನ್ನುವುದರ ಬಗ್ಗೆ ನಾನೂ ನೀವೂ ಒಂದೇ ಮಾತು ಹೇಳಬೇಕಾಗಿಲ್ಲ.

ಮೆಕ್ಯಾನಿಕಲ್ ಹುಡುಗ, ಕಲಬುರಗಿ

ಮರೆತರೆ ಅನ್ನುವುದನ್ನು ಒಪ್ಪುತ್ತೇನೆ ಸರ್. ಆದರೆ ಹಂಚಿಕೆಯ ಆಕಾರ ನೋಡದೆ ಬರೀ ಒಂದು ಸಂಖ್ಯೆಗೆ ಪಾಸ್-ಫೇಲ್ ಮಾಡುವುದನ್ನು ಒಪ್ಪಲಾರೆ.

ಕಪನೂರು ಇನ್‌ಸ್ಪೆಕ್ಷನ್

ಎಲ್ಲರಿಗೂ ವರದಿ. ಮುಂದಿನ ಬ್ಯಾಚ್ ಮುಗಿಯಿತು. 20 ಪೀಸ್‌ಗೆ ಒಮ್ಮೆ 3, ಒಮ್ಮೆ 4 ಕೊಟ್ಟೆವು. ಎಲ್ಲಾ ಪೀಸ್ ಅರ್ಧ ಗಂಟೆ ರಿಂಗ್ ಪಕ್ಕ ಇಟ್ಟು ಅಳೆದೆವು. ಮತ್ತೆ 12 ಗುಂಪು:

```
13.6  11.9  13.9  11.6  12.8  11.2
13.5  11.7  17.2  13.0  13.3  11.5
```

ಸರಾಸರಿ 12.93, ರೇಂಜ್‌ಗಳ ಸರಾಸರಿ 4.1. ಲಿಮಿಟ್ 10.56 ಮತ್ತು 15.30. 60 ಪೀಸ್‌ನ ಸಿಗ್ಮಾ 2.24, ಪಿಪಿಕೆ 1.79. ಗಿರಾಕಿಗೆ ಕಳಿಸಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.

ಆದರೆ 9ನೇ ಗುಂಪು 17.2 ನೋಡಿ. ಅದೊಂದೇ ಹೊರಗೆ ಹೋಗಿದೆ. 8ನೇ ಗುಂಪು ಆದ ಮೇಲೆ ಕರೆಂಟ್ ಹೋಗಿತ್ತು. ಒಂದು ಗಂಟೆಗೂ ಹೆಚ್ಚು ಹೊತ್ತು ಮಷಿನ್ ನಿಂತಿತ್ತು. ಬಂದ ಮೇಲೆ ಆಪರೇಟರ್ ಲೆಕ್ಕದ ಪ್ರಕಾರ 4 ಕೊಟ್ಟು ಶುರು ಮಾಡಿದರು. ಮೇಲೆ ಇನ್ನೂ 3 ಮೈಕ್ರಾನ್ ಎಲ್ಲಿಂದ ಬಂತು?

ಬೀದರ್ ನಿವೃತ್ತ ಕ್ವಾಲಿಟಿ

ಬಹಳ ಸಂತೋಷ ಆಯಿತು, ಪಿಪಿಕೆಗಿಂತ ಆ 17.2ಕ್ಕೆ. ಹಳೆಯ ಬ್ಯಾಚ್‌ನಲ್ಲಿ 17.0 ಎರಡು ಸಲ ಬಂದಿತ್ತು, ಯಾರಿಗೂ ಅದು ವಿಶೇಷ ಅನ್ನಿಸಲಿಲ್ಲ. ಆ ಹಲ್ಲಿನೊಳಗೆ ಕರೆಂಟ್ ಹೋದದ್ದು ಕಾಣುತ್ತಲೇ ಇರಲಿಲ್ಲ. ಈಗ ಒಂದು ಚುಕ್ಕೆ ಹೊರಗೆ ಬಂದರೆ ಅದಕ್ಕೆ ನಿಜವಾಗಿ ಕಾರಣ ಹುಡುಕಬಹುದು.

ಲೆಕ್ಕ ನೋಡೋಣ. 8ನೇ ಗುಂಪು 11.7. ಸವೆತ 1.7 ಕಳೆದು 4 ಕೂಡಿಸಿದರೆ 14.0 ಬರಬೇಕಿತ್ತು. 3.2 ಹೆಚ್ಚು ಬಂದಿದೆ. ಮುಂದಿನ ಗುಂಪು 13.0. ಮಾಮೂಲಿಯಾಗಿ 1.7 ಇಳಿಯಬೇಕಾದ್ದು 4.2 ಇಳಿದಿದೆ. ಬಂದ ಹೆಚ್ಚುವರಿಯ ಬಹುಪಾಲು 10 ಪೀಸ್‌ನಲ್ಲಿ ಕರಗಿತು. ಇನ್ಸರ್ಟ್ ಸವೆತ ಹೀಗೆ ವಾಪಸ್ ಬರುವುದಿಲ್ಲ. ಮಷಿನ್ ತಣ್ಣಗಾಗಿ ಮತ್ತೆ ಬಿಸಿಯಾದ ಹಾಗೆ ಕಾಣುತ್ತದೆ.

ಮೆಟ್ರಾಲಜಿ ಮೇಡಂ

ನನಗೆ ಇನ್ನೊಂದು ಅನುಮಾನ. ಕರೆಂಟ್ ಇಲ್ಲದಾಗ ಫ್ಯಾನ್ ಕೂಡ ನಿಂತಿರುತ್ತದೆ, ಅಳತೆ ಟೇಬಲ್ ಶೆಡ್‌ನ ಯಾವ ಕಡೆ ಇದೆ? ಆ ಗುಂಪಿನ ಪೀಸ್‌ಗಳು ಪೂರ್ತಿ ಅರ್ಧ ಗಂಟೆ ಇದ್ದವಾ, ಇಲ್ಲಾ ಕೆಲಸ ತಡವಾಯಿತು ಅಂತ ಬೇಗ ಅಳೆದರಾ? ನಿಮ್ಮಲ್ಲಿ ಬಿಸಿ ಪೀಸ್‌ಗೂ ತಣ್ಣನೆಯ ಪೀಸ್‌ಗೂ 3 ಮೈಕ್ರಾನ್ ವ್ಯತ್ಯಾಸ ಇತ್ತು. ಇಲ್ಲಿಯೂ ಸುಮಾರು ಅಷ್ಟೇ ಹೆಚ್ಚು. ಮಷಿನ್ ಮೇಲೆ ಹಾಕುವ ಮೊದಲು ಇದನ್ನು ನೋಡಿ. ಆ 5 ಪೀಸ್ ಇನ್ನೂ ಇದ್ದರೆ ಮತ್ತೆ ಅಳೆಯಿರಿ.

ಕಪನೂರು ಇನ್‌ಸ್ಪೆಕ್ಷನ್

ಆ ಪೀಸ್‌ಗಳು ಉಳಿದವುಗಳ ಜೊತೆ ಪ್ಯಾಕ್ ಆಗಿ ಹೋಗಿವೆ ಮೇಡಂ. ಆಪರೇಟರ್ ಅರ್ಧ ಗಂಟೆ ಇಟ್ಟಿದ್ದೆ ಅನ್ನುತ್ತಾರೆ, ಆದರೆ ಹೊತ್ತು ಬರೆದಿಲ್ಲ. ಮುಂದಿನ ಬ್ಯಾಚ್‌ನಿಂದ ಶೀಟ್‌ನಲ್ಲಿ ಪೀಸ್ ಇಳಿಸಿದ ಹೊತ್ತು ಮತ್ತು ಅಳೆದ ಹೊತ್ತು ಎರಡಕ್ಕೂ ಕಾಲಂ ಹಾಕುತ್ತಿದ್ದೇನೆ.

ಬೀದರ್ ನಿವೃತ್ತ ಕ್ವಾಲಿಟಿ

ಹಾಗೇ ಮಾಡಿ. ಜೊತೆಗೆ ಮುಂದಿನ ಸಲ ಮಷಿನ್ ಅರ್ಧ ಗಂಟೆಗಿಂತ ಹೆಚ್ಚು ನಿಂತರೆ, ಕಡಿಯದೆ ಸುಮ್ನೆ ಪ್ರೋಗ್ರಾಂ 15 ನಿಮಿಷ ಓಡಿಸಿ, ಆಮೇಲೆ ಮೊದಲ ಪೀಸ್ ತೆಗೆಯಿರಿ. ಆಗಲೂ ಚುಕ್ಕೆ ಮೇಲೆ ಹಾರಿದರೆ ಮೇಡಂ ಹೇಳಿದ್ದು ಸರಿ ಇರಬಹುದು. ಹಾರದಿದ್ದರೆ ಮಷಿನ್ ತಣ್ಣಗಾದದ್ದೇ ಕಾರಣ ಅಂತ ನಂಬಬಹುದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ, ಹಾಗಾಗಿ ಅಳೆಯುವ ಹೊತ್ತು ಮಾತ್ರ ಒಂದೇ ಇರುವಂತೆ ನೋಡಿಕೊಳ್ಳಿ.

ಕೊಳಾರ ಸೆಟ್ಟರ್

ಸರ್, ನನ್ನ ಮಷಿನ್ ಪರೀಕ್ಷೆ ಆಯಿತು. 2, 4, 6, 8 ಅಂತ ಕೊಟ್ಟೆ. ಬಂದದ್ದು 0, 1, 7, 8. ಸ್ಲೈಡ್‌ಗೆ ಎಣ್ಣೆ ಹೋಗುವ ಪೈಪ್ ಒಂದು ಕಟ್ಟಿಕೊಂಡಿತ್ತು, ಬಿಡಿಸಿದ್ದೇನೆ. ಈಗ 0, 3, 7, 8 ಬರುತ್ತಿದೆ. ಸ್ವಲ್ಪ ಸುಧಾರಿಸಿದೆ, ಪೂರ್ತಿ ಆಗಿಲ್ಲ. ಮೊದಲ 2 ಮೈಕ್ರಾನ್ ಯಾಕೆ ಇನ್ನೂ ತಗೊಳ್ಳುತ್ತಿಲ್ಲ ಅಂತ ಗೊತ್ತಿದ್ದವರು ಹೇಳಿ.